ಅರವತ್ತನಾಲ್ಕರ ಹತ್ತಿರ

ವಿರೂಪಾಕ್ಷಪ್ಪ ಸರ್ ಎರಡು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಶಿವಲೀಲಾಗೆ ಅದು ಗೊತ್ತಿದ್ದ ಲಕ್ಷಣ. ಸರ್‌ಗೆ ಸಿಟ್ಟು ಬಂದಿದೆ, ಆದರೆ ಬೈಯಲು ಮನಸ್ಸಿಲ್ಲ.

"ನೋಡ್ರಿ ಮೇಡಂ, ನೀವೇ ನೋಡಿ ಹೇಳ್ರಿ. ಕ್ಲಾಸಿನಾಗೆ ಕೂತೋರೆಲ್ಲ ನಾಲ್ಕು ಪಾಯಿಂಟ್ ಸೊನ್ನೆ ನಾಲ್ಕು ಅಂತ ಬರೆದವ್ರೆ. ಈ ಇಬ್ರು ಮಾತ್ರ ಎಂಟು ಪಾಯಿಂಟ್ ಒಂದು ಎರಡು. ಇಬ್ರೂ ಪ್ರಶ್ನೆ ಕೊಟ್ಟ ದಿನ ರಜ. ಒಬ್ಬರು ತಪ್ಪಾಗಿ ಓದಿದ್ರು ಅನ್ನೋಣ. ಇಬ್ರೂ ಅದೇ ತಪ್ಪು ಹೆಂಗೆ ಮಾಡ್ತಾರೆ?"

ಹೊನ್ನಾಳಿಯ ಆ ಕಾಲೇಜಿನಲ್ಲಿ ಗಣಿತ ವಿಭಾಗ ಎಂದರೆ ಅವರಿಬ್ಬರೇ. ವಿರೂಪಾಕ್ಷಪ್ಪ ಮುಖ್ಯಸ್ಥರು, ಶಿವಲೀಲಾ ಅತಿಥಿ ಉಪನ್ಯಾಸಕಿ. ಅವಳು ಸವಳಂಗದಿಂದ ನ್ಯಾಮತಿಯ ಮೇಲೆ ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಅತಿಥಿ ಉಪನ್ಯಾಸಕರನ್ನು ಪ್ರತಿವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಹಾಗೆ ತೆಗೆದುಕೊಳ್ಳುವಾಗ ಮುಖ್ಯಸ್ಥರ ಒಂದು ಮಾತು ಬೇಕಾಗುತ್ತದೆ. ವಿರೂಪಾಕ್ಷಪ್ಪನವರು ಆ ಮಾತನ್ನು ಇದುವರೆಗೆ ಕೇಳುವ ಮೊದಲೇ ಕೊಟ್ಟಿದ್ದರು.

ಪತ್ರಿಕೆಗಳಲ್ಲಿ ಒಂದು ಆಶಾಳದು, ಇನ್ನೊಂದು ಸುದೀಪನದು. ಆಶಾ ಜಗಳೂರು ಕಡೆಯ ಹುಡುಗಿ, ಹೊನ್ನಾಳಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಅಜ್ಜಿ ಚೌಡಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಔಷಧಿ ಹನಿ ಹಾಕಲು ಊರಿಗೆ ಹೋಗಿದ್ದಳು. ಸುದೀಪ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯವನು. ಅವನಿಗೆ ಚಿಕುನ್‌ಗುನ್ಯ ಜ್ವರ ಬಂದು ಕೀಲು ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದ. ಇಬ್ಬರೂ ಮನೆಯಲ್ಲೇ ಲೆಕ್ಕ ಮಾಡಿ, ವಾಪಸ್ಸು ಬಂದ ದಿನ ಪತ್ರಿಕೆ ಒಪ್ಪಿಸಿದ್ದರು.

ಪ್ರಶ್ನೆ ಇಷ್ಟೇ ಇತ್ತು. x ನ ಘನಮೂಲವನ್ನು ಅರವತ್ತನಾಲ್ಕರ ಹತ್ತಿರ ಎರಡನೇ ಘಾತದ ಬಹುಪದೋಕ್ತಿಯಿಂದ ಅಂದಾಜು ಮಾಡಿ. ಅದರಿಂದ ಅರವತ್ತಾರರ ಘನಮೂಲ ತೆಗೆಯಿರಿ. ನಿಮ್ಮ ಅಂದಾಜು ಹೆಚ್ಚೆಂದರೆ ಎಷ್ಟು ತಪ್ಪಿರಬಹುದು ಎಂದು ಹೇಳಿ. ಕೊನೆಗೆ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ.

ಶಿವಲೀಲಾ ಪತ್ರಿಕೆಗಳ ಮೇಲೆ ಕಣ್ಣಾಡಿಸಿದಳು. ಇಬ್ಬರೂ ಘನಮೂಲದ ಬದಲು ವರ್ಗಮೂಲ ತೆಗೆದುಕೊಂಡಿದ್ದರು. ಇಬ್ಬರ ಬಹುಪದೋಕ್ತಿಯೂ ಒಂದೇ, ಇಬ್ಬರ ಬೆಲೆಯೂ ಒಂದೇ: 8.1240234. ಅವಳಿಗೂ ಮೊದಲು ಹೊಳೆದದ್ದು ಸರ್ ಹೇಳಿದ್ದೇ. ವಾಟ್ಸಾಪಿನಲ್ಲಿ ಒಬ್ಬರು ಕಳಿಸಿದ್ದಾರೆ, ಇನ್ನೊಬ್ಬರು ನೋಡಿ ಇಳಿಸಿಕೊಂಡಿದ್ದಾರೆ.

"ನಾನು ಬೋರ್ಡಿನ ಮೇಲೆ ಬರೆದಿದ್ದಷ್ಟೇ ಅಲ್ಲ, ಬಾಯಲ್ಲೂ ಹೇಳಿದ್ದೆ, ಕ್ಯೂಬ್ ರೂಟ್, ಕ್ಯೂಬ್ ರೂಟ್ ಅಂತ" ಎಂದರು ಸರ್. "ಇಬ್ರಿಗೂ ಸೊನ್ನೆ ಹಾಕ್ತೀನಿ. ದಾವಣಗೆರೆ ಸೆಮಿನಾರಿಗೆ ಆಶಾ ಹೆಸರು ಕೊಟ್ಟಿದ್ದೆನಲ್ಲ, ಅದನ್ನೂ ತೆಗೀತೀನಿ. ಅವ್ರ ಅಪ್ಪಗೆ ಫೋನ್ ಮಾಡಿದ್ದೀನಿ, ನಾಳೆ ಬರ್ತಾರೆ. ಸುದೀಪನ ಮನೆ ಫೋನ್ ಹತ್ತಲಿಲ್ಲ."

"ಅಪ್ಪನ್ನ ಕರೆಸೋದು ಬೇಕಿತ್ತಾ ಸರ್?"

"ಬೇಕಾಗಿರಲಿಲ್ಲ ಅನ್ಸುತ್ತೆ. ಆದ್ರೆ ಆ ಹುಡುಗಿ ಮೇಲೆ ನಂಗೆ ಭಾಳ ನಂಬಿಕೆ ಇತ್ತು ನೋಡ್ರಿ. ಅದಕ್ಕೇ ಹೊಟ್ಟೆ ಉರೀತು."

ಅಷ್ಟು ಹೇಳಿ ಅವರು ಬಲಭುಜ ಹಿಡಿದುಕೊಂಡು ಎದ್ದರು. ಕೆಲವು ತಿಂಗಳಿಂದ ಅವರಿಗೆ ಭುಜ ಹಿಡಿದು ಕೈ ಮೇಲೆ ಎತ್ತಲು ಆಗುತ್ತಿರಲಿಲ್ಲ. "ಮನೇಲಿ ಒಂದ್ಸಲ ಪೂರ್ತಿ ನೋಡಿ ತರ್ತೀನಿ ಸರ್" ಎಂದು ಶಿವಲೀಲಾ ಪತ್ರಿಕೆಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಅದನ್ನು ಕೇಳುವಾಗಲೂ ಅವಳಿಗೆ ಧೈರ್ಯಕ್ಕಿಂತ ಹೆಚ್ಚಾಗಿ ಸುಮ್ಮನೆ ಕಾಲ ತಳ್ಳುವ ಆಸೆ ಇತ್ತು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊನ್ನಾಳಿ ದಾಟುತ್ತಲೇ ಅವಳು ಆಶಾಳ ಪತ್ರಿಕೆ ತೆರೆದಳು. ಓದುತ್ತಾ ಹೋದಂತೆ, ಘನಮೂಲವೋ ವರ್ಗಮೂಲವೋ ಎಂಬುದನ್ನು ಮರೆತು, ಹುಡುಗಿ ಹೇಗೆ ಹೆಜ್ಜೆ ಇಟ್ಟಿದ್ದಾಳೆ ಎಂಬುದರಲ್ಲೇ ಅವಳ ಮನಸ್ಸು ನೆಟ್ಟಿತು.

ಅರವತ್ತನಾಲ್ಕರ ವರ್ಗಮೂಲ ಎಂಟು. ಅದು ಯಾರಿಗಾದರೂ ಗೊತ್ತು. ಅರವತ್ತಾರರದು ನೇರವಾಗಿ ಬಾರದು. ಹಾಗಾಗಿ ಗೊತ್ತಿರುವ ಜಾಗದಲ್ಲಿ ನಿಂತು, ಅಲ್ಲಿ ರೇಖೆ ಎಷ್ಟು ಏರುತ್ತಿದೆ, ಎಷ್ಟು ಬಾಗುತ್ತಿದೆ ಎಂದು ನೋಡಿ, ಅದೇ ಎತ್ತರ, ಅದೇ ಏರು, ಅದೇ ಬಾಗು ಇರುವ ಒಂದು ಸರಳ ಬಹುಪದೋಕ್ತಿಯನ್ನು ಕಟ್ಟುವುದು. ಆಶಾ ಏರು ಹೇಳುವ ಮೊದಲ ಡೆರಿವೇಟಿವ್ ತೆಗೆದಿದ್ದಳು, ಅರವತ್ತನಾಲ್ಕರಲ್ಲಿ ಅದು ಹದಿನಾರನೇ ಒಂದು. ಬಾಗು ಹೇಳುವ ಎರಡನೆಯದು ಋಣ, ಎರಡು ಸಾವಿರದ ನಲವತ್ತೆಂಟನೇ ಒಂದು. ಅದನ್ನು ಎರಡರಿಂದ ಭಾಗಿಸಬೇಕು. ಎಂಟಕ್ಕೆ ಎರಡರ ಹದಿನಾರನೇ ಭಾಗ ಕೂಡಿಸಿ, ನಾಲ್ಕನ್ನು ನಾಲ್ಕು ಸಾವಿರದ ತೊಂಬತ್ತಾರರಿಂದ ಭಾಗಿಸಿ ಕಳೆದರೆ 8.1240234. ಒಂದೂ ಹೆಜ್ಜೆ ತಪ್ಪಿರಲಿಲ್ಲ.

ಆಮೇಲೆ ಎರರ್. ಕಟ್ಟಿದ ಬಹುಪದೋಕ್ತಿ ಮೂಲದಿಂದ ಎಷ್ಟು ದೂರ ಸರಿದಿರಬಹುದು ಎಂಬುದನ್ನು ಮೂರನೇ ಡೆರಿವೇಟಿವ್ ಹೇಳುತ್ತದೆ. ಅರವತ್ತನಾಲ್ಕರಿಂದ ಅರವತ್ತಾರರವರೆಗಿನ ದಾರಿಯಲ್ಲಿ ಅದು ಎಲ್ಲಿ ಅತಿ ದೊಡ್ಡದೋ ಆ ಬೆಲೆ ಹಿಡಿದು, ದೂರದ ಘನದಿಂದ ಗುಣಿಸಿ, ಆರರಿಂದ ಭಾಗಿಸಬೇಕು. ಆಶಾ ಬರೆದಿದ್ದಳು: "x ಹೆಚ್ಚಾದಷ್ಟೂ ಇದು ಕಡಿಮೆ ಆಗುತ್ತದೆ. ಆದ್ದರಿಂದ 64ರಲ್ಲೇ ಅತಿ ಹೆಚ್ಚು." ಎರರ್ 0.0000153ನ್ನು ಮೀರುವುದಿಲ್ಲ. ಕ್ಯಾಲ್ಕುಲೇಟರಿನ ಪ್ರಕಾರ ನಿಜವಾದ ವ್ಯತ್ಯಾಸ 0.0000150. ಒಳಗೇ ಇತ್ತು.

ನ್ಯಾಮತಿಯಲ್ಲಿ ಬಸ್ಸು ನಿಂತು, ಜನ ಇಳಿದು ಹತ್ತುವಾಗ ಅವಳು ಸುದೀಪನ ಪತ್ರಿಕೆ ತೆಗೆದಳು. ಬೆಲೆ ಬರುವವರೆಗೂ ಎಲ್ಲ ಹಾಗೇ ಇತ್ತು. ಎರರಿಗೆ ಬಂದಾಗ ಮಾತ್ರ ಹುಡುಗ ದಾರಿ ತಪ್ಪಿದ್ದ. ಮೂರನೇ ಡೆರಿವೇಟಿವನ್ನು ಅರವತ್ತನಾಲ್ಕರಲ್ಲಿ ಹಿಡಿಯುವ ಬದಲು ಅರವತ್ತಾರರಲ್ಲಿ ಹಿಡಿದಿದ್ದ. ದೊಡ್ಡ ಸಂಖ್ಯೆಯಲ್ಲಿ ದೊಡ್ಡ ಬೆಲೆ ಸಿಗುತ್ತದೆ ಎಂದು ಮಕ್ಕಳು ಎಷ್ಟೋ ಸಲ ಅಂದುಕೊಳ್ಳುತ್ತಾರೆ. ಅವನಿಗೆ ಬಂದದ್ದು 0.0000141.

ಅದರ ಕೆಳಗೆ, ಕೊಂಚ ಜಾಗ ಬಿಟ್ಟು, ಪೆನ್ಸಿಲಿನಲ್ಲಿ ಬರೆದಿದ್ದ: "ಎರರ್ ಇದಕ್ಕಿಂತ ಹೆಚ್ಚಿರಬಾರದು. ಆದರೆ ಕ್ಯಾಲ್ಕುಲೇಟರ್‌ನಲ್ಲಿ 0.0000150 ಬರುತ್ತಿದೆ. ಎಲ್ಲೋ ತಪ್ಪಿದ್ದೇನೆ. ಮೂರು ಸಲ ಮಾಡಿದರೂ ಗೊತ್ತಾಗಲಿಲ್ಲ ಸರ್."

ಶಿವಲೀಲಾ ಆ ಸಾಲನ್ನು ಮತ್ತೆ ಓದಿದಳು. ಜ್ವರದಲ್ಲಿ ಮಲಗಿ, ಬೆರಳಿನ ಕೀಲು ನೋಯುವಾಗ, ಒಂದು ಸಣ್ಣ ದಶಮಾಂಶ ತಾಳೆಯಾಗುತ್ತಿಲ್ಲ ಎಂದು ಹಟ ಹಿಡಿದು ಲೆಕ್ಕ ಮಾಡಿದ ಹುಡುಗನ ಮುಖ ಅವಳಿಗೆ ಕಂಡಂತಾಯಿತು. ಆಶಾಳದನ್ನು ಇಳಿಸಿದ್ದರೆ ಅವನಿಗೆ ಈ ಕಷ್ಟ ಯಾಕೆ ಬರುತ್ತಿತ್ತು? ಸರಿಯಾದ ಎರರ್ ಪಕ್ಕದಲ್ಲೇ ಬರೆದಿರುತ್ತಿತ್ತಲ್ಲ. ಅವನದನ್ನು ಆಶಾ ನೋಡಿದ್ದಳೇ? ತಪ್ಪು ಎರರ್ ನೋಡಿದವಳು ತಾನೇ ತಿದ್ದಿಕೊಂಡು, ಯಾಕೆ ಎಂದು ಕಾರಣವನ್ನೂ ಬರೆದು, ಅವನಿಗೆ ಮಾತ್ರ ಹೇಳದೆ ಬಿಟ್ಟಳೇ? ನಂಬುವ ಮಾತಲ್ಲ ಅದು.

ಹಾಗಾದರೆ ಬೇರೆ ಬೇರೆ ಊರಲ್ಲಿ ಕೂತ ಇಬ್ಬರಿಗೂ ಘನಮೂಲ ವರ್ಗಮೂಲವಾಗಿ ಕಂಡದ್ದು ಹೇಗೆ?

ಸವಳಂಗದಲ್ಲಿ ಇಳಿದವಳೇ ಮನೆಗೆ ಹೋಗುವ ಮೊದಲೇ ಆಶಾಗೆ ಫೋನ್ ಹಚ್ಚಿದಳು. ಹುಡುಗಿಗೆ ಅಪ್ಪನಿಂದ ವಿಷಯ ಆಗಲೇ ಗೊತ್ತಾಗಿತ್ತು.

"ನಾನು ಯಾರ್ದೂ ನೋಡಿಲ್ರೀ ಮೇಡಂ. ಅಜ್ಜಿ ಪಕ್ಕ ಕೂತು ಮಾಡಿದ್ದು."

"ಅದನ್ನ ಕೇಳ್ತಿಲ್ಲ ಕಣಮ್ಮ. ಪ್ರಶ್ನೆ ನಿಂಗೆ ಹೆಂಗೆ ಸಿಕ್ತು?"

"ಮೇಘಶ್ರೀ ಬೋರ್ಡಿನ ಫೋಟೋ ಕಳಿಸಿದ್ಲು. ಸುದೀಪಂಗೂ ಅದನ್ನೇ ಕಳಿಸಿದ್ಲಂತೆ."

"ಅದನ್ನ ಹಂಗೇ ನಂಗೆ ಕಳಿಸು."

ಫೋಟೋ ಬಂತು. ಕಪ್ಪು ಹಲಗೆಗೆ ಹೊಸದಾಗಿ ಬಳಿದ ಬಣ್ಣ ಮಿರಮಿರ ಮಿಂಚುತ್ತಿತ್ತು. ಎಡಗಡೆ ಕಿಟಕಿಯ ಬೆಳಕು ಬಿದ್ದು ಬಿಳಿ ಪಟ್ಟೆಯೊಂದು ಅಡ್ಡ ಹಾದುಹೋಗಿತ್ತು. ಆ ಪಟ್ಟೆಯ ಅಂಚಿನಲ್ಲಿ ಮೂಲದ ಚಿಹ್ನೆ ಸ್ಪಷ್ಟವಾಗಿತ್ತು, ಒಳಗೆ x ಸ್ಪಷ್ಟವಾಗಿತ್ತು, 64 ಸ್ಪಷ್ಟವಾಗಿತ್ತು. ಚಿಹ್ನೆಯ ಹೆಗಲ ಮೇಲೆ ಕೂತು ಘನಮೂಲವೆಂದು ಹೇಳಬೇಕಾದ ಪುಟ್ಟ ಮೂರು ಮಾತ್ರ ಬೆಳಕಿನಲ್ಲಿ ಕರಗಿಹೋಗಿತ್ತು. ಶಿವಲೀಲಾ ಬೆರಳಿನಿಂದ ಹಿಗ್ಗಿಸಿ ನೋಡಿದಳು. ಎಷ್ಟು ದೊಡ್ಡದು ಮಾಡಿದರೂ ಅಲ್ಲಿ ಬರೀ ಬಿಳುಪು.

ಬೇರೆ ಸಂಖ್ಯೆಯಾಗಿದ್ದರೆ ಮಕ್ಕಳಿಗೆ ಅನುಮಾನ ಬರುತ್ತಿತ್ತು. ಇಪ್ಪತ್ತೇಳರ ಹತ್ತಿರ ಎಂದಿದ್ದರೆ ಅದರ ವರ್ಗಮೂಲ ಪೂರ್ಣವಾಗಿ ಬರುವುದಿಲ್ಲ, ಇದೇನೋ ಸರಿಯಿಲ್ಲ ಎಂದು ಕೇಳುತ್ತಿದ್ದರು. ಅರವತ್ತನಾಲ್ಕು ಹಾಗಲ್ಲ. ಎಂಟೆಂಟ್ಲಿ ಅರವತ್ತನಾಲ್ಕು. ನಾಲ್ಕು ನಾಲ್ಕ್ಲಿ ಹದಿನಾರು, ಹದಿನಾರು ನಾಲ್ಕ್ಲಿಯೂ ಅರವತ್ತನಾಲ್ಕೇ. ವರ್ಗಕ್ಕೂ ಸೈ, ಘನಕ್ಕೂ ಸೈ. ಯಾವ ಬಾಗಿಲಿಂದ ಹೋದರೂ ಮನೆ ತೆರೆದೇ ಇತ್ತು.

ಅವಳಿಗೆ ಸಮಾಧಾನವಾಯಿತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಇದನ್ನು ಹೇಳಬೇಕಾದ್ದು ವಿರೂಪಾಕ್ಷಪ್ಪನವರಿಗೆ. ಮೂವತ್ತು ವರ್ಷ ಪಾಠ ಹೇಳಿದವರಿಗೆ, ನಿಮ್ಮ ಬರಹ ಕಾಣಲಿಲ್ಲ, ನೀವು ಆರಿಸಿದ ಸಂಖ್ಯೆಯೇ ಮಕ್ಕಳನ್ನು ದಾರಿ ತಪ್ಪಿಸಿತು ಎಂದು ಹೇಳಬೇಕು. ಅದೂ ಅವರ ಮಾತಿನ ಮೇಲೆ ಕೆಲಸ ಉಳಿದಿರುವ ತಾನು. ಗಂಡ ರೇಣುಕಪ್ರಸಾದ್ ಊಟಕ್ಕೆ ಕೂತಾಗ ವಿಷಯ ಕೇಳಿ, "ನಿಧಾನಕ್ಕೆ ಹೇಳು, ಎಲ್ರೂ ಇರೋವಾಗ ಬ್ಯಾಡ" ಎಂದಷ್ಟೇ ಅಂದ. ಅದೇ ಸರಿ ಎನಿಸಿತು.

ಮರುದಿನ ಅವಳು ಕಾಲೇಜು ಮುಟ್ಟುವಷ್ಟರಲ್ಲಿ ಆಶಾಳ ಅಪ್ಪ ನಾಗೇಂದ್ರಪ್ಪ ಬಂದು ಸ್ಟಾಫ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಕತ್ತಲಿರುವಾಗಲೇ ಹೊರಟಿರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಸ್ಸಿನ ನೂಕುನುಗ್ಗಲಲ್ಲಿ ಮುದುಡಿತ್ತು. ಶಿವಲೀಲಾಳನ್ನು ಕಂಡು ಎದ್ದು ನಿಂತ.

"ಮೇಡಮ್ಮಾರೆ, ನಮ್ಮ ಹುಡುಗಿ ಏನು ಕದ್ದಾಳ್ರೀ?"

"ಏನೂ ಕದ್ದಿಲ್ಲ. ಕೂತ್ಕೊಳ್ರಿ. ಚಹಾ ತರಿಸ್ತೀನಿ."

"ಫೋನಿನಾಗೆ ಕಾಪಿ ಅಂದ್ರು. ನಮ್ಮವ್ವಂಗೆ ಹೇಳೇ ಇಲ್ಲ ನಾನು. ಕಣ್ಣು ಇನ್ನೂ ಮಾಗಿಲ್ಲ, ಅತ್ರೆ ಆಗಾಕಿಲ್ಲ ಅಂದಾರೆ ಡಾಕ್ಟ್ರು."

"ಹೇಳದಿದ್ದದ್ದೇ ಒಳ್ಳೇದಾಯ್ತು. ಒಂದರ್ಧ ಗಂಟೆ ಇರ್ರಿ."

ಒಳಗೆ ವಿರೂಪಾಕ್ಷಪ್ಪ ಒಬ್ಬರೇ ಇದ್ದರು. ಶಿವಲೀಲಾ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು, ಸುದೀಪನ ಪೆನ್ಸಿಲ್ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಬೆಲೆ ನೋಡಿದ್ರೆ ಇಬ್ರದ್ದೂ ಒಂದೇ. ಪ್ರಶ್ನೆ ಒಂದೇ ಆದ್ರೆ ಸರಿಯಾಗಿ ಮಾಡಿದೋರಿಗೆಲ್ಲ ಬೆಲೆ ಒಂದೇ ಬರ್ಬೇಕಲ್ವಾ. ಎರರ್ ನೋಡ್ರಿ."

ಸರ್ ಕನ್ನಡಕ ಹಾಕಿಕೊಂಡರು. ಓದಿದರು. ಆಶಾಳದಕ್ಕೆ ಹೋದರು. ಮತ್ತೆ ಸುದೀಪನದಕ್ಕೆ ಬಂದರು.

"ಅರವತ್ತಾರರಲ್ಲಿ ಹಿಡಿದಾನೆ."

"ಹೌದು ಸರ್. ಅದಕ್ಕೇ ಅವನ ಲೆಕ್ಕದ ಮಿತಿ ನಿಜವಾದ ಎರರಿಗಿಂತ ಚಿಕ್ಕದಾಗಿ ಬಂತು. ಅದು ಅವನಿಗೇ ಗೊತ್ತಾಗಿದೆ. ತಪ್ಪೆಲ್ಲಿ ಅಂತ ಗೊತ್ತಾಗಿಲ್ಲ."

"ಜಾಣ ಕಳ್ಳ ಅಲ್ಲಲ್ಲಿ ಬದಲಾಯಿಸಿ ಬರೀತಾನೆ ಮೇಡಂ."

"ಬದಲಾಯಿಸೋನು ಸುಲಭ ಇರೋದನ್ನ ಬದಲಾಯಿಸ್ತಾನೆ ಸರ್. ತಿಳೀದಿರೋ ಜಾಗದಲ್ಲಿ ಕೈ ಹಾಕಲ್ಲ. ಹಾಕಿ, ಆಮೇಲೆ ನಾನು ತಪ್ಪಿದೀನಿ ಅಂತ ನಿಮಗೇ ಬರೆದು ಕೊಡ್ತಾನಾ?"

ಸರ್ ಆ ಪೆನ್ಸಿಲ್ ಸಾಲನ್ನು ಮತ್ತೊಮ್ಮೆ ಓದಿದರು. ಹೊರಗೆ ಮಕ್ಕಳು ಮಾತಾಡಿಕೊಂಡು ಹಾದುಹೋದರು. ಶಿವಲೀಲಾ ಮೊಬೈಲ್ ತೆಗೆದು ಅವರ ಮುಂದೆ ಹಿಡಿದಳು.

"ಮೇಘಶ್ರೀ ಇಬ್ರಿಗೂ ಕಳಿಸಿದ ಫೋಟೋ. ಅವರ ಹತ್ರ ಇದ್ದ ಪ್ರಶ್ನೆ ಇದು."

ವಿರೂಪಾಕ್ಷಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಎದುರಿಗಿದ್ದ ಎರಡನೇ ವರ್ಷದ ಕ್ಲಾಸ್ ರೂಮಿಗೆ ನಡೆದರು. ಶಿವಲೀಲಾ ಹಿಂದೆಯೇ ಹೋದಳು. ಖಾಲಿ ಕೋಣೆ. ಸೀಮೆಸುಣ್ಣ ತೆಗೆದುಕೊಂಡು ಘನಮೂಲದ ಚಿಹ್ನೆ ಬರೆದರು. ಭುಜ ಮೇಲೇಳದ ಕಾರಣ ಹಲಗೆಯ ಕೆಳಭಾಗದಲ್ಲಿ ಬರೆದರು; ಪುಟ್ಟ ಮೂರನ್ನು ಬರೆಯುವಾಗ ಮಣಿಕಟ್ಟು ತಿರುಗಿಸಬೇಕಾಯಿತು, ಅದು ನೂಲಿನ ಎಳೆಯಷ್ಟು ತೆಳ್ಳಗೆ ಬಂತು. ನಂತರ ಕಿಟಕಿಯ ಕಡೆಯ ಬೆಂಚಿಗೆ ಹೋಗಿ ಕೂತು ನೋಡಿದರು. ಬೇರೆ ಬೆಂಚಿಗೆ ಸರಿದರು. ಮತ್ತೆ ಮೊದಲಿನದಕ್ಕೆ ಬಂದರು.

"ಇಲ್ಲಿಂದ ಕಾಣಲ್ಲ" ಎಂದರು ಕೊನೆಗೆ.

"ಬಣ್ಣ ಹೊಸದು ಸರ್, ಅದರ ಹೊಳಪು."

"ಬಣ್ಣದ ಮೇಲೆ ಯಾಕೆ ಹಾಕ್ತೀರಿ. ನಾನು ದಪ್ಪಗೆ ಬರೀಬೇಕಿತ್ತು. ಇಲ್ಲಾ ಇಪ್ಪತ್ತೇಳು ಕೊಡಬೇಕಿತ್ತು. ಎರಡು ಕಡೆಗೂ ಸಲ್ಲೋ ನಂಬರ್ ಕೊಟ್ಟೆ, ಭಾಳ ಸಲೀಸು ಅಂತ." ಅವರು ತಲೆ ಬಗ್ಗಿಸಿ ತಮ್ಮ ಬಲಗೈಯನ್ನು ನೋಡಿಕೊಂಡರು. "ಆ ಮನುಷ್ಯ ಎಷ್ಟೊತ್ತಿಗೆ ಹೊರಟಿದ್ನೋ ಏನೋ."

"ಹೊರಗೆ ಕೂತಿದಾರೆ. ಚಹಾ ಕೊಡ್ಸಿದೀನಿ."

"ಕರೀರಿ. ಮಕ್ಕಳನ್ನೂ ಕರೀರಿ. ಆ ಫೋಟೋ ಹುಡುಗೀನೂ ಬರಲಿ."

ಮೂವರು ಮಕ್ಕಳೂ ಬಂದು ಬಾಗಿಲ ಹತ್ತಿರ ಗೋಡೆಗೆ ಒತ್ತಿ ನಿಂತರು. ಮೇಘಶ್ರೀಯೇ ಎಲ್ಲರಿಗಿಂತ ಹೆಚ್ಚು ಅಳುಮುಖ ಮಾಡಿಕೊಂಡಿದ್ದಳು. "ನಾನು ಮುಂದಿನ ಬೆಂಚಲ್ಲಿದ್ದೆ ಸರ್, ನಂಗೆ ಮೂರು ಕಂಡಿತ್ತು. ಫೋಟೋ ಹೆಂಗೆ ಬಂದೈತೆ ಅಂತ ನೋಡದೇ ಕಳಿಸಿಬಿಟ್ಟೆ" ಎಂದಳು. ನಾಗೇಂದ್ರಪ್ಪ ಹಿಂದಿನ ಬೆಂಚಿನ ತುದಿಯಲ್ಲಿ ಕೂತ, ಇಲ್ಲಿ ಕೂರಬಹುದೋ ಇಲ್ಲವೋ ಎಂಬ ಅನುಮಾನದಲ್ಲಿ.

ವಿರೂಪಾಕ್ಷಪ್ಪ ಅವನ ಕಡೆ ತಿರುಗಿದರು. "ನಾಗೇಂದ್ರಪ್ಪನೋರೇ, ನಿಮ್ಮ ಮಗಳು ಕಾಪಿ ಮಾಡಿಲ್ಲ. ನಾನು ಬರೆದಿದ್ದು ಫೋಟೋದಾಗೆ ಕಂಡಿಲ್ಲ. ನಾನು ವಿಚಾರ ಮಾಡದೇ ನಿಮಗೆ ಫೋನ್ ಮಾಡಿದೆ. ಮನಸ್ಸಿಗೆ ಹಚ್ಕೋಬೇಡ್ರಿ."

ನಾಗೇಂದ್ರಪ್ಪ ಎದ್ದು ಕೈಮುಗಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಕೂತ.

"ಆಶಾ, ಬಾ ಇಲ್ಲಿ" ಎಂದರು ಸರ್. "ಪ್ರಶ್ನೆ ಇದು, ಘನಮೂಲ. ಇದನ್ನ ನೀನು ನೋಡೇ ಇಲ್ಲ. ಮಾಡಮ್ಮ. ಪರೀಕ್ಷೆ ಅಂತ ಅಲ್ಲ. ಮಾಡಬೇಕಾಗಿದ್ದ ಲೆಕ್ಕ ಇದು, ಅಷ್ಟೇ. ಸುದೀಪ, ನೀನು ಅವಳ ಜೊತೆ ನಿಂತ್ಕೋ."

ಆಶಾ ಸೀಮೆಸುಣ್ಣ ಹಿಡಿದಾಗ ಮೊದಲ ಸಾಲು ಸೊಟ್ಟಗೆ ಬಂತು. ಎರಡನೇ ಸಾಲಿಗೆ ಕೈ ಸರಿಹೋಯಿತು. ಅರವತ್ತನಾಲ್ಕರಲ್ಲಿ ಬೆಲೆ ನಾಲ್ಕು. ಮೊದಲ ಡೆರಿವೇಟಿವ್ ನಲವತ್ತೆಂಟನೇ ಒಂದು. ಎರಡನೆಯದು ಋಣ, ನಾಲ್ಕು ಸಾವಿರದ ಆರುನೂರ ಎಂಟನೇ ಒಂದು.

"ಅದನ್ನ ಎರಡರಿಂದ ಭಾಗಿಸು" ಎಂದ ಸುದೀಪ ಮೆಲ್ಲಗೆ.

"ಗೊತ್ತು, ಇರೋ" ಎಂದಳು ಅವಳು. ಮೇಘಶ್ರೀ ಕಿಸಕ್ಕನೆ ನಕ್ಕಳು. ಕೋಣೆಯಲ್ಲಿ ಗಾಳಿ ಆಡಿದಂತಾಯಿತು.

ನಾಲ್ಕಕ್ಕೆ ಇಪ್ಪತ್ತನಾಲ್ಕನೇ ಒಂದು ಕೂಡಿಸಿ, ಎರಡು ಸಾವಿರದ ಮುನ್ನೂರ ನಾಲ್ಕನೇ ಒಂದು ಕಳೆದಳು: 4.0412326. ಆಮೇಲೆ ಮೂರನೇ ಡೆರಿವೇಟಿವ್ ಬರೆದು, ಸುಣ್ಣವನ್ನು ಸುದೀಪನ ಕಡೆ ಚಾಚಿದಳು.

"ಎರರ್ ನೀನು ಮಾಡು."

ಸುದೀಪ ಹಿಂಜರಿದ. ಬೆರಳುಗಳ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. "ನಂದು ಅಲ್ಲೇ ತಪ್ಪಿತ್ತಲ್ಲ" ಎಂದ.

"ಛೇದದಾಗೆ x ಐತೆ ನೋಡು. x ಬೆಳೆದಂಗೆ ಇದು ಏನಾಗ್ತೈತೆ?" ಎಂದಳು ಆಶಾ.

ಅವನು ಹಲಗೆಯನ್ನೇ ದಿಟ್ಟಿಸಿದ. ಅವನಿಗೆ ತಿಳಿದ ಗಳಿಗೆ ಶಿವಲೀಲಾಗೆ ಎದುರಿಗೇ ಕಂಡಿತು. ಮೊದಲು ಹುಬ್ಬು ಸಡಿಲವಾಯಿತು, ಆಮೇಲೆ ಬಾಯಿ ತೆರೆಯಿತು.

"ಅಯ್ಯೋ. ಸಣ್ಣದಾಗ್ತೈತೆ! ಅರವತ್ತಾರರಾಗೆ ಕಡಿಮೆ, ಅರವತ್ತನಾಲ್ಕರಾಗೆ ಜಾಸ್ತಿ. ನಾನು ಕಡಿಮೆದು ಹಿಡಿದು, ಇದಕ್ಕಿಂತ ಹೆಚ್ಚಿಲ್ಲ ಅಂತ ಕೂತಿದ್ದೆ."

"ಅದಕ್ಕೇ ನಿನ್ನ ಲೆಕ್ಕ ಒಪ್ಪಲಿಲ್ಲ" ಎಂದರು ವಿರೂಪಾಕ್ಷಪ್ಪ. ಅವರ ದನಿಯಲ್ಲಿ ಪಾಠದ ಹುಮ್ಮಸ್ಸು ಮರಳಿತ್ತು. "ಒಪ್ಪಲಿಲ್ಲ ಅಂತ ಬರೆದೆಯಲ್ಲ, ಅದು ಒಳ್ಳೇದು ಮಾಡಿದೆ. ಎಷ್ಟೋ ಜನ ಆ ಜಾಗದಾಗೆ ರಬ್ಬರ್ ಹಾಕಿ, ತಾಳೆ ಆಗೋ ಹಂಗೆ ತಿದ್ದಿಬಿಡ್ತಾರೆ."

ಸುದೀಪ ಅರವತ್ತನಾಲ್ಕರ ಬೆಲೆ ಹಿಡಿದು ಗುಣಿಸಿದ, ಭಾಗಿಸಿದ. 0.00000754 ಬಂತು. ಅದನ್ನು 0.0000075 ಎಂದು ಬರೆಯಹೊರಟವನನ್ನು ಆಶಾ ತಡೆದಳು.

"ಮಿತಿ ಅಂದ್ಮೇಲೆ ಕೆಳಗೆ ಇಳಿಸಬಾರದು. ಮೇಲಕ್ಕೇ ಏರಿಸು."

ಅವನು 0.0000076 ಎಂದು ತಿದ್ದಿದ. ಮೇಘಶ್ರೀ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಓದಿದಳು: ನಾಲ್ಕು ಪಾಯಿಂಟ್ ಸೊನ್ನೆ ನಾಲ್ಕು ಒಂದು ಎರಡು ನಾಲ್ಕು ಸೊನ್ನೆ ಸೊನ್ನೆ. ವ್ಯತ್ಯಾಸ 0.0000074. ಮಿತಿಯ ಒಳಗೇ ಇತ್ತು. ಈ ಸಲ ಸುದೀಪನ ಮುಖದಲ್ಲಿ ನಗೆ ತಡೆಯದೆ ಬಂತು.

ಸರ್ ಎರಡೂ ಪತ್ರಿಕೆಗಳನ್ನು ತರಿಸಿ ಅಲ್ಲೇ ಅಂಕ ಹಾಕಿದರು. ಫೋಟೋದಲ್ಲಿ ಕಂಡ ಪ್ರಶ್ನೆಗೆ ಮಾಡಿದ ಲೆಕ್ಕ ಸರಿಯಿದೆ ಎಂದು ಆಶಾಗೆ ಪೂರ್ತಿ ಕೊಟ್ಟರು. ಸುದೀಪನಿಗೆ ಎರರಿನ ಹೆಜ್ಜೆಗೆ ಮಾತ್ರ ಕಳೆದರು. "ತಪ್ಪು ತಪ್ಪೇ ಕಣಪ್ಪ, ಅದನ್ನ ಬಿಡಾಕೆ ಬರಲ್ಲ" ಎಂದರು. ಅವನು ಸಂತೋಷದಿಂದಲೇ ತಲೆಯಾಡಿಸಿದ. ಸೆಮಿನಾರಿಗೆ ಆಶಾಳ ಹೆಸರು ಹೋಗುತ್ತದೆ ಎಂದು ಹೇಳಿ, ಅವಳು ಅಲ್ಲಿ ಎರರ್ ಅಂದಾಜಿನ ಬಗ್ಗೆಯೇ ಮಾತಾಡಲಿ ಎಂದೂ ಸೇರಿಸಿದರು.

ನಾಗೇಂದ್ರಪ್ಪನನ್ನು ಬಸ್ ನಿಲ್ದಾಣದವರೆಗೆ ಬಿಡಲು ಆಶಾ ಹೊರಟಾಗ, ಮುಂದಿನ ಪಾಠ ಇಲ್ಲದ್ದರಿಂದ ಶಿವಲೀಲಾ ಗೇಟಿನ ತನಕ ಜೊತೆಗೆ ನಡೆದಳು.

"ಮೇಡಮ್ಮಾರೆ, ಅದೇನೋ ಎರರ್ ಎರರ್ ಅಂದ್ರಲ್ಲ, ಏನ್ರೀ ಅದು?" ಎಂದು ಅವನು ಕೇಳಿದ.

"ನಾವು ಒಂದು ಲೆಕ್ಕ ಅಂದಾಜಿನ ಮೇಲೆ ಹೇಳ್ತೀವಿ. ಅದು ಚೂರು ತಪ್ಪಿರುತ್ತೆ. ಎಷ್ಟು ತಪ್ಪಿರಬಹುದು, ಇಷ್ಟಕ್ಕಿಂತ ಹೆಚ್ಚಿರಲ್ಲ ಅಂತ ಮೊದ್ಲೇ ಹೇಳ್ಬೇಕು. ನಿಮ್ಮ ಮಗಳು ಅದನ್ನ ಸರಿಯಾಗಿ ಹೇಳಿದ್ಲು."

ಅವನು ಸ್ವಲ್ಪ ಯೋಚಿಸಿ ನಕ್ಕ. "ನಂಗೆ ತಿಳೀಲಿಲ್ಲ ಬಿಡ್ರಿ. ಅವಳಿಗೆ ತಿಳಿದೈತಲ್ಲ, ಆಯ್ತು." ಆಮೇಲೆ ಮಗಳ ಕಡೆ ತಿರುಗಿ, "ನಡಿ, ಹೋಟ್ಲಾಗೆ ಏನಾದ್ರೂ ತಿನ್ನಾಣ. ಬೆಳಿಗ್ಗಿಂದ ಹೊಟ್ಟೆಗೆ ಏನೂ ಹಾಕಿಲ್ಲ" ಎಂದ. ಅಪ್ಪನ ಕೈಯಲ್ಲಿದ್ದ ಚೀಲವನ್ನು ಆಶಾ ಕಸಿದುಕೊಂಡು ಮುಂದೆ ನಡೆದಳು.

ಶಿವಲೀಲಾ ಸ್ಟಾಫ್ ರೂಮಿಗೆ ಮರಳಿದಾಗ ವಿರೂಪಾಕ್ಷಪ್ಪ ತಮ್ಮ ಕುರ್ಚಿಯಲ್ಲಿ ಕಣ್ಣುಮುಚ್ಚಿ ಒರಗಿದ್ದರು. ಅವಳ ಹೆಜ್ಜೆ ಸಪ್ಪಳಕ್ಕೆ ಕಣ್ಣು ತೆರೆದರು.

"ನಿನ್ನೆ ಯಾಕೆ ಹೇಳಲಿಲ್ಲ ಮೇಡಂ?"

"ನಿನ್ನೆ ನಂಗೂ ನೀವು ಹೇಳಿದ್ದೇ ಸರಿ ಅನ್ನಿಸ್ತು ಸರ್. ಬಸ್ಸಲ್ಲಿ ಓದಿದ ಮೇಲೆ ಗೊತ್ತಾಯ್ತು."

"ಇವತ್ತು ಹೇಳಾಕೆ ಹೆದರಿಕೆ ಆಯ್ತಾ?"

ಅವಳು ಸುಳ್ಳು ಹೇಳಲಿಲ್ಲ. "ಆಯ್ತು ಸರ್."

ಅವರು ಭುಜ ಒತ್ತಿಕೊಂಡರು. ಬಳಿಕ, "ಎರಡನೇ ವರ್ಷದ ಪಾಠ ಇನ್ಮೇಲೆ ನೀವೇ ತಗೊಳ್ರಿ" ಎಂದರು. "ಕೈ ಎತ್ತಾಕೆ ಆಗ್ತಿಲ್ಲ. ಹೇಳಾಕೆ ನಾಚಿಕೆ ಅನ್ನಿಸಿ ಇಷ್ಟು ದಿನ ಎಳೆದೆ. ಭುಜ ಸರಿಹೋದ ಮೇಲೆ ನೋಡಾಣ."

"ಆಗ್ಲಿ ಸರ್. ಡಾಕ್ಟ್ರಿಗೆ ತೋರಿಸಿದ್ರಾ?"

"ಶಿವಮೊಗ್ಗಕ್ಕೆ ಹೋಗಬೇಕು. ಹೋಗ್ತೀನಿ."

"ಈ ವಾರನೇ ಹೋಗಿಬರ್ರಿ. ನಿಮ್ಮ ಕ್ಲಾಸು ನಾನು ನೋಡ್ಕೋತೀನಿ."

ಅವರು ಹೂಂ ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಶಿವಲೀಲಾ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಮೊದಲ ವರ್ಷದವರ ಕೋಣೆಗೆ ಹೊರಟಳು.